ಮಿತಿ ಒಂದು ಷರತ್ತಿನಲ್ಲಿ, ತೂತು ಇನ್ನೊಂದರಲ್ಲಿ: ಸಾಫ್ಟ್‌ವೇರ್ ಕರಾರಿಗೆ ಸಹಿ ಹಾಕುವ ಮೊದಲು

ಮಂಗಳೂರಿನ ಬಿಜೈಯಲ್ಲಿ ಏಳು ಜನರ ಒಂದು ಸಾಫ್ಟ್‌ವೇರ್ ಕಂಪನಿ. ಕಾರ್ಕಳದ ಕಡೆಯ ಗೇರುಬೀಜ ರಫ್ತು ಮಾಡುವ ಸಂಸ್ಥೆಯೊಂದು ಇವರಿಂದ ದಾಸ್ತಾನು ಮತ್ತು ರಫ್ತು ಕಾಗದಪತ್ರದ ಸಾಫ್ಟ್‌ವೇರ್ ಮಾಡಿಸಲು ಹೊರಟಿತ್ತು. ಗಿರಾಕಿಯ ಕಡೆಯಿಂದ 22 ಪುಟದ ಕರಾರು ಬಂತು. ಮಾಲೀಕರು ಅದನ್ನು ನನ್ನ ಮೇಜಿನ ಮೇಲಿಟ್ಟು, "ವಕೀಲರೇ, ಹಣದ ಪುಟ ನಾನು ನೋಡಿದ್ದೇನೆ. ಹೊಣೆಗೆ ಮಿತಿಯೂ ಉಂಟು. ಉಳಿದದ್ದು ಸುಮ್ನೆ ಫಾರ್ಮಾಲಿಟಿ ಅಲ್ವಾ?" ಅಂದರು.

ಮಿತಿ ಇತ್ತು, ನಿಜ. 14ನೇ ಷರತ್ತು: ಕಂಪನಿಯ ಹೊಣೆ ಹಿಂದಿನ 12 ತಿಂಗಳಲ್ಲಿ ಪಡೆದ ಶುಲ್ಕವನ್ನು ಮೀರುವುದಿಲ್ಲ. ಆದರೆ ಎರಡು ಪುಟ ಹಿಂದೆ 11ನೇ ಷರತ್ತು ಹೀಗಿತ್ತು: "ಈ ಕರಾರಿನಲ್ಲಿ ಬೇರೆ ಏನೇ ಇದ್ದರೂ, ಈ ಸೇವೆಗೆ ಸಂಬಂಧಿಸಿ ಗಿರಾಕಿಗೆ ಆಗುವ ಎಲ್ಲ ನಷ್ಟವನ್ನೂ ಕಂಪನಿ ತುಂಬಿಕೊಡಬೇಕು." ಇದು ಇಂಡೆಮ್ನಿಟಿ ಷರತ್ತು. ಮೂರು ಕಡೆ ಬೇಲಿ ಹಾಕಿ ನಾಲ್ಕನೇ ಕಡೆ ತೋಟವನ್ನು ರಸ್ತೆಗೆ ತೆರೆದಿಟ್ಟ ಹಾಗೆ. ನಾನು ನೋಡುವ ಕರಾರುಗಳಲ್ಲಿ ಅತಿ ಜಾಸ್ತಿ ಕಾಣುವ ತಪ್ಪು ಇದೇ. ಹಾಗಾಗಿ ಆ ಒಂದು ಕರಾರನ್ನೇ ಹಿಡಿದು, ಏನು ಓದಬೇಕು, ಏನು ತಿದ್ದಬೇಕು, ತಿದ್ದಿದ್ದು ಕೋರ್ಟಿನಲ್ಲಿ ಎಲ್ಲಿಯವರೆಗೆ ನಿಲ್ಲುತ್ತದೆ ಅಂತ ಹೇಳುತ್ತೇನೆ. ಗುರುತು ಸಿಗಬಾರದು ಅಂತ ಅಂಕಿಗಳನ್ನು ಬದಲಿಸಿದ್ದೇನೆ.

ಮೊದಲು: ಎರಡು ಷರತ್ತುಗಳನ್ನು ಅಕ್ಕಪಕ್ಕ ಇಟ್ಟು ಓದಿ

ಕರಾರನ್ನು ಒಂದನೇ ಪುಟದಿಂದ ಓದಬೇಡಿ. ಲಿಮಿಟೇಶನ್ ಆಫ್ ಲಯಬಿಲಿಟಿ, ಅಂದರೆ ಹೊಣೆಗೆ ಮಿತಿ ಹಾಕುವ ಷರತ್ತನ್ನೂ ಇಂಡೆಮ್ನಿಟಿ ಷರತ್ತನ್ನೂ ಮುದ್ರಿಸಿ ಪಕ್ಕಪಕ್ಕ ಇಡಿ. ಆಮೇಲೆ ಒಂದೇ ಪ್ರಶ್ನೆ ಕೇಳಿ: ಇವೆರಡರಲ್ಲಿ ಯಾವುದು ಯಾವುದರ ಕೆಳಗೆ?

ಉತ್ತರ ಇರುವುದು ಸಣ್ಣ ಪದಗಳಲ್ಲಿ. "ನಾಟ್‌ವಿತ್‌ಸ್ಟ್ಯಾಂಡಿಂಗ್ ಎನಿಥಿಂಗ್", ಅಂದರೆ "ಬೇರೆ ಏನೇ ಇದ್ದರೂ" ಅಂತ ಶುರುವಾಗುವ ಷರತ್ತು ಉಳಿದವುಗಳ ಮೇಲೆ ಕೂರುತ್ತದೆ. "ಸಬ್ಜೆಕ್ಟ್ ಟು", ಅಂದರೆ "ಇದಕ್ಕೆ ಒಳಪಟ್ಟು" ಅಂತ ಇದ್ದರೆ ಅದು ಇನ್ನೊಂದರ ಕೆಳಗೆ ಕೂರುತ್ತದೆ. ನಮ್ಮ ಕರಾರಿನಲ್ಲಿ ಇಂಡೆಮ್ನಿಟಿ ಮೇಲೆ ಕೂತಿತ್ತು. ಮಿತಿಯ ಷರತ್ತು ಇಂಡೆಮ್ನಿಟಿಯ ಹೆಸರನ್ನೇ ಎತ್ತಿರಲಿಲ್ಲ. ಎರಡೂ ಕಡೆ "ಬೇರೆ ಏನೇ ಇದ್ದರೂ" ಅಂತ ಬರೆದಿರುವ ಕರಾರುಗಳನ್ನೂ ಕಂಡಿದ್ದೇನೆ. ಅಲ್ಲಿ ಯಾವುದು ಗೆಲ್ಲುತ್ತದೆ ಅಂತ ಆರ್ಬಿಟ್ರೇಟರೇ ಹೇಳಬೇಕಾಗುತ್ತದೆ, ಅದೂ ಎರಡು ವರ್ಷ ಫೀಸು ಕಟ್ಟಿದ ಮೇಲೆ.

ಇದು ಯಾಕೆ ಇಷ್ಟು ಮುಖ್ಯ ಅಂದರೆ, ಸಾಮಾನ್ಯ ನಷ್ಟ ಪರಿಹಾರ ಮತ್ತು ಇಂಡೆಮ್ನಿಟಿ ನಮ್ಮ ಕಾನೂನಿನಲ್ಲಿ ಎರಡು ಬೇರೆ ದಾರಿಗಳು. 1872ರ ಭಾರತೀಯ ಕರಾರು ಕಾಯ್ದೆಯ ಸೆಕ್ಷನ್ 73 ಕರಾರು ಮುರಿದಾಗ ಸಿಗುವ ಪರಿಹಾರದ ಬಗ್ಗೆ ಹೇಳುತ್ತದೆ. ಅದರಲ್ಲೇ ಒಂದು ಕಡಿವಾಣ ಇದೆ. ಸಹಜವಾಗಿ ಹುಟ್ಟಿದ ನಷ್ಟ ಸಿಗುತ್ತದೆ, ಇಲ್ಲವೇ ಕರಾರು ಮಾಡುವಾಗಲೇ ಇಬ್ಬರಿಗೂ ಗೊತ್ತಿದ್ದ ನಷ್ಟ ಸಿಗುತ್ತದೆ. ದೂರದ, ಸುತ್ತಿ ಬಳಸಿ ಬಂದ ನಷ್ಟ ಸಿಗುವುದಿಲ್ಲ. ನಷ್ಟವಾದವರು ತಮ್ಮ ಕೈಲಿದ್ದ ದಾರಿಯಿಂದ ಅದನ್ನು ಕಡಿಮೆ ಮಾಡಬಹುದಿತ್ತೇ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇಂಡೆಮ್ನಿಟಿ ಸೆಕ್ಷನ್ 124ಕ್ಕೆ ಸೇರಿದ್ದು. "ನಿಮಗೆ ನಷ್ಟವಾದರೆ ನಾನು ತುಂಬಿಕೊಡುತ್ತೇನೆ" ಅನ್ನುವ ಮಾತು ಅದು. ಮಾತು ಕೊಟ್ಟವರ ನಡತೆಯಿಂದ ಆದ ನಷ್ಟ ಮಾತ್ರ ಅಲ್ಲ, ಬೇರೆ ಯಾರದ್ದೋ ನಡತೆಯಿಂದ ಆದದ್ದೂ ಅದರೊಳಗೆ ಬರಬಹುದು. ದೂರದ್ದೋ ಹತ್ತಿರದ್ದೋ ಅನ್ನುವ ಅಳತೆ ಸೆಕ್ಷನ್ 124ರ ಮಾತಿನಲ್ಲಿ ಇಲ್ಲ. ಹಾಗಾಗಿ ಗಿರಾಕಿಯ ವಕೀಲರು ಜಾಣರಾದರೆ ನಷ್ಟ ಪರಿಹಾರ ಅಂತ ಕೇಳುವುದೇ ಇಲ್ಲ, ನೇರ ಇಂಡೆಮ್ನಿಟಿ ಅಂತ ಕೇಳುತ್ತಾರೆ.

ಲೆಕ್ಕ ಹಾಕಿ ನೋಡಿ

ಷರತ್ತಿನ ಭಾಷೆಗಿಂತ ಅಂಕಿ ಬೇಗ ಅರ್ಥವಾಗುತ್ತದೆ. ಈ ಕೆಲಸಕ್ಕೆ ಒಟ್ಟು ಶುಲ್ಕ ₹18 ಲಕ್ಷ. ಸಹಿ ಮಾಡುವಾಗ 6 ಲಕ್ಷ, ಐದನೇ ತಿಂಗಳು 6 ಲಕ್ಷ, ಎಂಟನೇ ತಿಂಗಳು ಕೊನೆಯ 6 ಲಕ್ಷ. ಒಂಬತ್ತನೇ ತಿಂಗಳಿನಿಂದ ನಿರ್ವಹಣೆಗೆ ತಿಂಗಳಿಗೆ ₹30,000.

ಈಗ 22ನೇ ತಿಂಗಳಲ್ಲಿ ಒಂದು ಅಪ್‌ಡೇಟ್ ಹಾಕುವಾಗ ಡೇಟಾಬೇಸ್ ಕೆಡುತ್ತದೆ ಅಂತ ಇಟ್ಟುಕೊಳ್ಳಿ. ಬ್ಯಾಕಪ್ ತೆರೆದರೆ ಅದು ಖಾಲಿ. ಒಂಬತ್ತು ದಿನ ಕೆಲಸ ನಿಲ್ಲುತ್ತದೆ. ಹಳೆ ಬಿಲ್ಲುಗಳನ್ನು ನೋಡಿ ಮತ್ತೆ ಟೈಪ್ ಮಾಡಿಸಿದ ಕೂಲಿ, ಓವರ್‌ಟೈಮ್ ಸೇರಿ ₹2.4 ಲಕ್ಷ. ಕಾಗದಪತ್ರ ಸಿದ್ಧವಾಗದೆ ಪಣಂಬೂರಿನ ಬಂದರಿನಲ್ಲಿ ಹಡಗು ತಪ್ಪಿ, ಕಂಟೇನರ್ ನಿಲ್ಲಿಸಿದ ಬಾಡಿಗೆ ಮತ್ತು ಹೊಸ ಬುಕಿಂಗ್ ₹1.7 ಲಕ್ಷ. ವಿದೇಶದ ಖರೀದಿದಾರ ಬೇಸತ್ತು ಮುಂದಿನ ಆರ್ಡರ್ ಬೇರೆಯವರಿಗೆ ಕೊಟ್ಟ, ಅದರ ಲಾಭ ₹11 ಲಕ್ಷ. ಒಟ್ಟು ಬೇಡಿಕೆ ₹15.1 ಲಕ್ಷ.

14ನೇ ಷರತ್ತು ಮಾತ್ರ ಇದ್ದಿದ್ದರೆ ಮಿತಿ ಎಷ್ಟು? ಹಿಂದಿನ 12 ತಿಂಗಳು ಅಂದರೆ ಹತ್ತರಿಂದ 21ನೇ ತಿಂಗಳು. ಆಗ ಬಂದದ್ದು ಬರೀ ನಿರ್ವಹಣೆಯ ಹಣ, ₹3.6 ಲಕ್ಷ. ಆದರೆ 11ನೇ ಷರತ್ತು ಮೇಲೆ ಕೂತಿರುವುದರಿಂದ ಆ ಮಿತಿ ತಡೆಯುವುದೇ ಇಲ್ಲ. ಪೂರ್ತಿ ₹15.1 ಲಕ್ಷಕ್ಕೂ ಬೇಡಿಕೆ ಇಡಬಹುದು. ತಿಂಗಳಿಗೆ ಮೂವತ್ತು ಸಾವಿರದ ಕೆಲಸಕ್ಕೆ! ಈ ಲೆಕ್ಕವನ್ನು ಕಾಗದದಲ್ಲಿ ಬರೆದು ತೋರಿಸಿದ ಮೇಲೆ ಮಾಲೀಕರು ಫಾರ್ಮಾಲಿಟಿ ಅನ್ನುವ ಮಾತು ಬಿಟ್ಟರು.

ಇನ್ನೊಂದು ವಿಚಿತ್ರ ಗಮನಿಸಿ. ಇದೇ ಅವಘಡ 19ನೇ ತಿಂಗಳಲ್ಲಿ ಆಗಿದ್ದರೆ, ಎಂಟನೇ ತಿಂಗಳ 6 ಲಕ್ಷವೂ ಹತ್ತು ತಿಂಗಳ ನಿರ್ವಹಣೆಯ 3 ಲಕ್ಷವೂ ಸೇರಿ ಮಿತಿ ₹9 ಲಕ್ಷ ಆಗುತ್ತಿತ್ತು. ಮೂರೇ ತಿಂಗಳ ಅಂತರ. "ಹಿಂದಿನ 12 ತಿಂಗಳು" ಅನ್ನುವ ಅಳತೆ ಕೇಳಲು ಚಂದ, ಆದರೆ ಕಂತುಗಳು ಎಲ್ಲಿ ಬೀಳುತ್ತವೆ ಅನ್ನುವುದರ ಮೇಲೆ ಏರಿಳಿಯುತ್ತದೆ. ನಿಮ್ಮ ಕರಾರಿನ ಕಂತುಗಳನ್ನು ತಿಂಗಳವಾರು ಬರೆದು ಮೂರು ಕಡೆ ಪರೀಕ್ಷಿಸಿ: ಕೆಲಸದ ಶುರುವಿನಲ್ಲಿ, ಸಾಫ್ಟ್‌ವೇರ್ ಚಾಲೂ ಆದ ತಿಂಗಳಲ್ಲಿ, ಎರಡು ವರ್ಷದ ಹತ್ತಿರ.

ಆಮೇಲೆ: ಮಿತಿಯನ್ನು ಇಬ್ಬರೂ ಒಪ್ಪುವ ಅಂಕಿಗೆ ತನ್ನಿ

ನಾನು ಗಿರಾಕಿಗಳ ಕಡೆಯಿಂದಲೂ ಇಂಥ ಕರಾರು ನೋಡುತ್ತೇನೆ. ₹3.6 ಲಕ್ಷದ ಮಿತಿಗೆ ಯಾವ ರಫ್ತುದಾರರೂ ಒಪ್ಪಬಾರದು. ಮೇಲಿನ ಉದಾಹರಣೆಯಲ್ಲಿ ಕೈಯಿಂದ ಖರ್ಚಾದ ಹಣವೇ ₹4.1 ಲಕ್ಷ. ಹಾಗಾಗಿ ನಾವು ಕೊನೆಗೆ ಬರೆದದ್ದು ಹೀಗೆ:

"ಈ ಕರಾರಿನಲ್ಲಿ ಬೇರೆ ಏನೇ ಇದ್ದರೂ, 11ನೇ ಷರತ್ತಿನ ಇಂಡೆಮ್ನಿಟಿಯೂ ಸೇರಿದಂತೆ, ಯಾವುದೇ ಕಾರಣಕ್ಕೆ ಬರುವ ಕಂಪನಿಯ ಒಟ್ಟು ಹೊಣೆ, ಘಟನೆಗೆ ಹಿಂದಿನ 12 ತಿಂಗಳಲ್ಲಿ ಕೊಟ್ಟ ಅಥವಾ ಕೊಡಬೇಕಾಗಿದ್ದ ಶುಲ್ಕ ಅಥವಾ ₹12 ಲಕ್ಷ, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಮೀರುವುದಿಲ್ಲ. 14.3ರಲ್ಲಿ ಹೇಳಿದವು ಮಾತ್ರ ಇದಕ್ಕೆ ಹೊರತು."

ಇದರಲ್ಲಿ ನಾಲ್ಕು ಮಾತು ಬಿಡಬಾರದು. "ಇಂಡೆಮ್ನಿಟಿಯೂ ಸೇರಿದಂತೆ" ಅನ್ನುವುದು ತೂತು ಮುಚ್ಚುತ್ತದೆ. "ಒಟ್ಟು" ಅನ್ನುವುದು ಇಲ್ಲದಿದ್ದರೆ ಪ್ರತಿ ಬೇಡಿಕೆಗೂ ಹೊಸ ಮಿತಿ ಅಂತ ವಾದ ಏಳುತ್ತದೆ. "ಕೊಡಬೇಕಾಗಿದ್ದ" ಅನ್ನುವುದು ಗಿರಾಕಿಗೆ ರಕ್ಷಣೆ, ಬಿಲ್ಲು ಬಾಕಿ ಇದ್ದ ಮಾತ್ರಕ್ಕೆ ಮಿತಿ ಕುಸಿಯುವುದಿಲ್ಲ. "ಯಾವುದು ಹೆಚ್ಚೋ" ಅನ್ನುವುದು ನಿರ್ವಹಣೆಯ ಕಾಲದ ಏರಿಳಿತವನ್ನು ಸರಿ ಮಾಡುತ್ತದೆ.

ಅಂಕಿ ಯಾಕೆ 12 ಲಕ್ಷ? ಕಂಪನಿಯ ಹತ್ತಿರ ₹25 ಲಕ್ಷದ ಪ್ರೊಫೆಷನಲ್ ಇಂಡೆಮ್ನಿಟಿ ವಿಮೆ, ಅಂದರೆ ಕೆಲಸದ ತಪ್ಪಿಗೆ ಬರುವ ಬೇಡಿಕೆಯನ್ನು ತುಂಬುವ ವಿಮೆ ಇತ್ತು. ವಿಮೆಯೊಳಗೆ ನಿಲ್ಲುವ ಅಂಕಿಯನ್ನೇ ಒಪ್ಪಿ. ಪ್ರತಿ ಬೇಡಿಕೆಯಲ್ಲಿ ನೀವೇ ಹೊರಬೇಕಾದ ಕಡಿತದ ಮೊತ್ತ ಎಷ್ಟು, ಕರಾರಿನಿಂದ ಮಾತ್ರ ಹುಟ್ಟಿದ ಹೊಣೆಯನ್ನು ವಿಮೆ ಹೊರಗಿಡುತ್ತದೆಯೇ ಅನ್ನುವುದನ್ನೂ ಪಾಲಿಸಿಯಲ್ಲಿ ನೋಡಿ. ಎಷ್ಟೋ ಪಾಲಿಸಿಗಳು ಹೊರಗಿಡುತ್ತವೆ. ಅಂದರೆ ನೀವು ಉದಾರವಾಗಿ ಬರೆದುಕೊಟ್ಟ ಇಂಡೆಮ್ನಿಟಿಗೆ ವಿಮಾ ಕಂಪನಿ ಕೈ ಎತ್ತಬಹುದು.

₹11 ಲಕ್ಷದ ತಪ್ಪಿದ ಲಾಭ ಬೇರೆ ವಿಷಯ. ಕರಾರಿನಲ್ಲಿ "ಪರೋಕ್ಷ ನಷ್ಟಕ್ಕೆ ಹೊಣೆ ಇಲ್ಲ" ಅಂತ ಇತ್ತು. ಅಷ್ಟು ಸಾಕಾಗುವುದಿಲ್ಲ. ತಪ್ಪಿದ ಲಾಭ ಯಾವಾಗಲೂ ಪರೋಕ್ಷವೇ ಅಂತ ಕಾನೂನು ಹೇಳುವುದಿಲ್ಲ. ಹಡಗು ತಪ್ಪಿದರೆ ಆರ್ಡರ್ ಹೋಗುತ್ತದೆ ಅಂತ ಗಿರಾಕಿ ಮೊದಲೇ ಈಮೇಲ್‌ನಲ್ಲಿ ತಿಳಿಸಿದ್ದರೆ, ಸೆಕ್ಷನ್ 73ರ ಎರಡನೇ ಕವಲು, "ಇಬ್ಬರಿಗೂ ಗೊತ್ತಿದ್ದ ನಷ್ಟ" ಅನ್ನುವುದು, ತೆರೆದುಕೊಳ್ಳುತ್ತದೆ. ಹಾಗಾಗಿ ಹೆಸರು ಹಿಡಿದು ಬರೆಯಿರಿ: ತಪ್ಪಿದ ಲಾಭ, ತಪ್ಪಿದ ಆರ್ಡರ್, ಹೆಸರು ಕೆಟ್ಟದ್ದು, ಇವು ನೇರವಾದರೂ ಸರಿ ಪರೋಕ್ಷವಾದರೂ ಸರಿ, ಹೊರಗೆ. ಡೇಟಾ ಮರಳಿ ತುಂಬಿಸುವ ಖರ್ಚು, ಬಂದರಿನ ಬಾಡಿಗೆ, ಇವು ನೇರ ನಷ್ಟ, ಒಳಗೆ. ಗಿರಾಕಿಯೂ ಇದನ್ನು ಇಷ್ಟಪಡುತ್ತಾರೆ, ಯಾಕೆಂದರೆ ತಮಗೆ ಖಂಡಿತ ಸಿಗುವುದು ಏನು ಅಂತ ಗೊತ್ತಾಗುತ್ತದೆ. ತಿದ್ದಿದ ಕರಾರಿನಲ್ಲಿ ಅದೇ ಅವಘಡಕ್ಕೆ ಲೆಕ್ಕ ₹4.1 ಲಕ್ಷಕ್ಕೆ ನಿಲ್ಲುತ್ತದೆ. ಅದಕ್ಕೂ ರಸೀದಿ, ಹಾಜರಿ ಪುಸ್ತಕ ತೋರಿಸಬೇಕು.

ಇಂಡೆಮ್ನಿಟಿಯನ್ನು ಅದರ ಜಾಗಕ್ಕೆ ಕಳಿಸಿ

ಇಂಡೆಮ್ನಿಟಿ ಬೇಡವೇ ಬೇಡ ಅಂತ ಹಟ ಮಾಡಬೇಡಿ. ಅದಕ್ಕೆ ಒಂದು ನ್ಯಾಯವಾದ ಜಾಗ ಇದೆ: ಮೂರನೆಯವರು ಬಂದು ಗಿರಾಕಿಯ ಮೇಲೆ ಬೇಡಿಕೆ ಇಟ್ಟಾಗ. ಉದಾಹರಣೆಗೆ, ನಿಮ್ಮ ಹುಡುಗರು ಲೈಸೆನ್ಸ್ ಕೊಳ್ಳದೆ ಒಂದು ರಿಪೋರ್ಟಿಂಗ್ ಲೈಬ್ರರಿ ಸೇರಿಸಿದ್ದಾರೆ. ಅದರ ಒಡೆಯರು ₹7 ಲಕ್ಷ ಕೊಡಿ ಅಂತ ಗಿರಾಕಿಗೆ ನೋಟಿಸ್ ಕಳಿಸುತ್ತಾರೆ. ಗಿರಾಕಿಯ ತಪ್ಪೇನೂ ಇಲ್ಲ. ಇದನ್ನು ನೀವೇ ಹೊರಬೇಕು.

"ಎಲ್ಲ ನಷ್ಟ" ಅನ್ನುವುದನ್ನು "ಮೂರನೆಯವರು ಹೂಡಿದ ಬೇಡಿಕೆಯಿಂದ ಆದ ನಷ್ಟ" ಅಂತ ಇಳಿಸುವುದೇ ಇಲ್ಲಿನ ಮುಖ್ಯ ತಿದ್ದುಪಡಿ. "ಸಂಬಂಧಿಸಿ" ಅನ್ನುವ ಪದವನ್ನು "ಕಂಪನಿಯ ತಪ್ಪಿನಿಂದ ನೇರವಾಗಿ" ಅಂತ ಬದಲಿಸಿ. ಗಿರಾಕಿ ತಾವೇ ಕೋಡ್ ತಿದ್ದಿಕೊಂಡಿದ್ದರೆ ಆ ಭಾಗಕ್ಕೆ ಹೊಣೆ ಇಲ್ಲ ಅಂತಲೂ ಸೇರಿಸಿ.

ನೋಟಿಸ್ ಬಂದ ಮೇಲೆ ಏನು ಅನ್ನುವುದನ್ನು ಜಾಸ್ತಿ ಜನ ಬರೆಯುವುದೇ ಇಲ್ಲ. ಬರೆಯದಿದ್ದರೆ ಸೆಕ್ಷನ್ 125 ಬರುತ್ತದೆ. ದಾವೆಯಲ್ಲಿ ಗಿರಾಕಿ ಕಟ್ಟಬೇಕಾಗಿ ಬಂದ ಪರಿಹಾರ, ಅವರ ಖರ್ಚು, ಅವರು ರಾಜಿ ಮಾಡಿಕೊಂಡು ಕೊಟ್ಟ ಹಣ, ಮೂರನ್ನೂ ನಿಮ್ಮಿಂದ ವಸೂಲು ಮಾಡಬಹುದು. ನಿಮ್ಮ ಮಾತು ಮೀರಿರಬಾರದು, ವಿವೇಕದಿಂದ ನಡೆದಿರಬೇಕು ಅಷ್ಟೇ. ನಿಮ್ಮನ್ನು ಕೇಳದೆ ರಾಜಿ ಆಗಿಬಿಡಬಹುದು. ಆದ್ದರಿಂದ ಹೀಗೆ ಬರೆಯಿರಿ: ನೋಟಿಸ್ ಬಂದ 10 ದಿನದೊಳಗೆ ತಿಳಿಸಬೇಕು, ಕೇಸು ನಡೆಸುವ ಅಧಿಕಾರ ನಮಗೆ, ನಮ್ಮ ಲಿಖಿತ ಒಪ್ಪಿಗೆ ಇಲ್ಲದೆ ರಾಜಿ ಇಲ್ಲ.

"ಗಿರಾಕಿ ಇನ್ನೂ ಹಣ ಕಟ್ಟಿಲ್ವಲ್ಲ, ಆಮೇಲೆ ನೋಡುವ" ಅಂತ ಕೂರಲೂ ಆಗುವುದಿಲ್ಲ. ಕೈಯಿಂದ ಹಣ ಹೋಗುವವರೆಗೆ ಕಾಯಬೇಕಿಲ್ಲ, ಹೊಣೆ ಖಚಿತವಾಗಿದ್ದರೆ ಅದರಿಂದ ಬಿಡಿಸಿ ಅಂತ ಮೊದಲೇ ಕೇಳಬಹುದು ಅಂತ ಬಾಂಬೆ ಹೈಕೋರ್ಟು 1942ರಲ್ಲೇ, ಗಜಾನನ ಮೋರೇಶ್ವರ ಪ್ರಕರಣದಲ್ಲಿ, ಹೇಳಿದೆ.

ಮಿತಿಗೆ ಹೊರತಾದ ಪಟ್ಟಿ

14.3ರಲ್ಲಿ ಮಿತಿ ಅನ್ವಯಿಸದ ಸಂಗತಿಗಳು ಇರುತ್ತವೆ. ಮೋಸ, ಬೇಕಂತಲೇ ಮಾಡಿದ ತಪ್ಪು ಇದರಲ್ಲಿ ಇರಲಿ, ಜಗಳ ಬೇಡ. ಜಗಳ ಮಾಡಬೇಕಾದದ್ದು ಎರಡಕ್ಕೆ.

ಒಂದು, "ಘೋರ ನಿರ್ಲಕ್ಷ್ಯ". ಕರಾರು ಕಾಯ್ದೆಯಲ್ಲಿ ಇದಕ್ಕೆ ವ್ಯಾಖ್ಯೆ ಇಲ್ಲ. ವ್ಯಾಖ್ಯೆ ಇಲ್ಲದೆ ಬಿಟ್ಟರೆ ಪ್ರತಿ ನೋಟಿಸಿನಲ್ಲೂ ನಿಮ್ಮ ತಪ್ಪು ಘೋರವೇ ಆಗಿರುತ್ತದೆ. "ಅಪಾಯ ಗೊತ್ತಿದ್ದೂ ಅದನ್ನು ಲೆಕ್ಕಿಸದೆ ಮಾಡಿದ್ದು" ಅಂತ ಒಂದು ಸಾಲು ಸೇರಿಸಿ.

ಎರಡು, "ಗೌಪ್ಯತೆಯ ಉಲ್ಲಂಘನೆ". ಇದು ನೋಡಲು ಸಾಧು. ಆದರೆ ಗಿರಾಕಿಯ ಡೇಟಾ ಎಲ್ಲವೂ ಗೌಪ್ಯ ಮಾಹಿತಿ ಅಂತ ಬೇರೆ ಪುಟದಲ್ಲಿ ಬರೆದಿರುತ್ತದೆ. ಹಾಗಾದರೆ ಹ್ಯಾಕರ್ ಒಬ್ಬ ಸರ್ವರ್‌ಗೆ ನುಗ್ಗಿದರೂ ಅದು ಗೌಪ್ಯತೆಯ ಉಲ್ಲಂಘನೆ, ಮಿತಿ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಸುರಕ್ಷತೆಯ ಲೋಪಕ್ಕೆ ದಂಡ ₹250 ಕೋಟಿಯವರೆಗೆ ಇದೆ. ಕರಾರಿನಲ್ಲಿ ಏನೇ ಇದ್ದರೂ ಆ ಕಾಯ್ದೆಯ ಹೊಣೆ ಡೇಟಾ ಯಾರ ಉದ್ದೇಶಕ್ಕೋ ಅವರ ಮೇಲೆ, ಅಂದರೆ ಗಿರಾಕಿಯ ಮೇಲೆ. ಹಾಗಾಗಿಯೇ ಗಿರಾಕಿಗಳು ಅದನ್ನು ನಿಮ್ಮ ಕಡೆ ತಳ್ಳಲು ನೋಡುತ್ತಾರೆ. ನಾವು ಡೇಟಾ ಸೋರಿಕೆಯನ್ನೂ ಲೈಸೆನ್ಸ್ ಇಂಡೆಮ್ನಿಟಿಯನ್ನೂ ತೆಗೆದು ₹25 ಲಕ್ಷದ ಪ್ರತ್ಯೇಕ ಮಿತಿಯೊಳಗೆ ಇಟ್ಟೆವು. ಮೇಲಿನ ₹7 ಲಕ್ಷದ ಉದಾಹರಣೆ ಅದರೊಳಗೆ ಆರಾಮಾಗಿ ನಿಲ್ಲುತ್ತದೆ.

ಕೋರ್ಟಿನಲ್ಲಿ ಎಷ್ಟು ನಿಲ್ಲುತ್ತದೆ?

ಇಂಗ್ಲೆಂಡಿನಲ್ಲಿ ಇಂಥ ಷರತ್ತುಗಳನ್ನು ತೂಗಿ ನೋಡಲು 1977ರಿಂದ ಪ್ರತ್ಯೇಕ ಕಾಯ್ದೆ ಇದೆ. ನಮ್ಮಲ್ಲಿ ಕಾನೂನು ಆಯೋಗ 2006ರ ತನ್ನ 199ನೇ ವರದಿಯಲ್ಲಿ ಅಂಥದ್ದೊಂದು ಬೇಕು ಅಂದಿತು, ವ್ಯಾಪಾರಿ ಕರಾರುಗಳಿಗೆ ಅನ್ವಯಿಸುವ ಕಾಯ್ದೆ ಬರಲಿಲ್ಲ. ಹಾಗಾಗಿ ಹಳೆಯ ಕರಾರು ಕಾಯ್ದೆ ಮತ್ತು ತೀರ್ಪುಗಳೇ ಗತಿ.

ವ್ಯಾಪಾರಿಗಳ ನಡುವೆ ಮಿತಿ ಸಾಮಾನ್ಯವಾಗಿ ನಿಲ್ಲುತ್ತದೆ. 1996ರ ಭಾರತಿ ನಿಟ್ಟಿಂಗ್ ಪ್ರಕರಣ ನೋಡಿ. ಜರ್ಮನಿಗೆ ಕಳಿಸಿದ ರಫ್ತಿನ ಕಾಗದಪತ್ರ ಕೊರಿಯರಿನಲ್ಲಿ ತಡವಾಗಿ ತಲುಪಿ ದೊಡ್ಡ ನಷ್ಟವಾಯಿತು. ಆದರೆ ಸಹಿ ಮಾಡಿದ ಚೀಟಿಯಲ್ಲಿ ಹೊಣೆ 100 ಡಾಲರಿಗೆ ಸೀಮಿತ ಅಂತ ಇತ್ತು. ಸುಪ್ರೀಂ ಕೋರ್ಟು 100 ಡಾಲರನ್ನೇ ಎತ್ತಿಹಿಡಿಯಿತು. ಸಹಿ ಮಾಡುವ ಮುಂಚೆ ಓದಿಲ್ಲ ಅನ್ನುವುದು ನೆರವಿಗೆ ಬರಲಿಲ್ಲ.

ಇದಕ್ಕೆ ಎದುರಾಗಿ ಒಂದು ಸೀರೆಯ ಕಥೆ ಇದೆ. ಲಾಂಡ್ರಿಗೆ ಕೊಟ್ಟ ಹೊಸ ಸೀರೆ ಕಳೆದುಹೋಯಿತು. ರಸೀದಿಯ ಹಿಂದೆ ಬೆಲೆಯ ಸಣ್ಣ ಪಾಲು ಮಾತ್ರ ಕೊಡುತ್ತೇವೆ ಅಂತ ಅಚ್ಚಾಗಿತ್ತು. ಮದ್ರಾಸ್ ಹೈಕೋರ್ಟು ಅದನ್ನು ಸಾರ್ವಜನಿಕ ನೀತಿಗೆ ವಿರುದ್ಧ ಅಂತ ತಳ್ಳಿಹಾಕಿತು. ಅದು ಬಡಪಾಯಿ ಗ್ರಾಹಕರ ರಸೀದಿ. 1986ರ ಬ್ರೋಜೋನಾಥ್ ಗಂಗೂಲಿ ತೀರ್ಪಿನಲ್ಲೂ ಸುಪ್ರೀಂ ಕೋರ್ಟು ಬಲ ಸಮವಿಲ್ಲದ ಕಡೆ ಅನ್ಯಾಯದ ಷರತ್ತನ್ನು ಹೊಡೆದುಹಾಕಿತು, ಆದರೆ ಇಬ್ಬರೂ ವ್ಯಾಪಾರಿಗಳಾದ ವ್ಯವಹಾರಕ್ಕೆ ಇದು ಅನ್ವಯಿಸಲಿಕ್ಕಿಲ್ಲ ಅಂತ ಅಲ್ಲೇ ಸೇರಿಸಿತು. ಗೇರುಬೀಜದ ರಫ್ತುದಾರರು ಸೀರೆ ಕಳಕೊಂಡವರ ಸಾಲಿನಲ್ಲಿ ನಿಲ್ಲುವುದು ಕಷ್ಟ.

ಮಿತಿ ಬೇರೆ, ಸೊನ್ನೆ ಬೇರೆ. ಇಲಾಖೆಯೇ ತಡಮಾಡಿದರೂ ಗುತ್ತಿಗೆದಾರ ಪರಿಹಾರ ಕೇಳುವ ಹಾಗಿಲ್ಲ ಅನ್ನುವ ಷರತ್ತನ್ನು ದೆಹಲಿ ಹೈಕೋರ್ಟು 2010ರ ಸಿಂಪ್ಲೆಕ್ಸ್ ಕಾಂಕ್ರೀಟ್ ಪೈಲ್ಸ್ ತೀರ್ಪಿನಲ್ಲಿ ಕರಾರು ಕಾಯ್ದೆಯ ಸೆಕ್ಷನ್ 23ರ ಕೆಳಗೆ, ಸಾರ್ವಜನಿಕ ನೀತಿಗೆ ವಿರುದ್ಧ ಅಂತ, ಅಸಿಂಧು ಅಂದಿತು. ಎಲ್ಲ ಕೋರ್ಟುಗಳೂ ಅಷ್ಟು ದೂರ ಹೋಗಿಲ್ಲ. ಆದರೂ "ಯಾವ ಹೊಣೆಯೂ ಇಲ್ಲ" ಅಂತ ಬರೆಯುವುದಕ್ಕಿಂತ ₹12 ಲಕ್ಷ ಅಂತ ಬರೆಯುವುದು ಗಟ್ಟಿ. ಮೋಸ ಮಾಡಿದವರಿಗೆ ಯಾವ ಅಂಕಿಯೂ ರಕ್ಷಣೆ ಕೊಡುವುದಿಲ್ಲ. ಬ್ಯಾಕಪ್ ನಡೆಯುತ್ತಿಲ್ಲ ಅಂತ ಗೊತ್ತಿದ್ದೂ ಪ್ರತಿ ತಿಂಗಳು "ಬ್ಯಾಕಪ್ ಸರಿ ಇದೆ" ಅಂತ ರಿಪೋರ್ಟ್ ಕಳಿಸಿದ್ದರೆ, ಮೇಲಿನ ಲೆಕ್ಕ ಪೂರ್ತಿ ಬದಲಾಗುತ್ತದೆ.

ಇನ್ನು "90 ದಿನದೊಳಗೆ ಕೇಳದಿದ್ದರೆ ಹಕ್ಕು ಹೋಯಿತು" ಅನ್ನುವ ಸಾಲು. ಇದು ಕಂಪನಿಗಳಿಗೆ ಬಹಳ ಪ್ರೀತಿ. ಸೆಕ್ಷನ್ 28ಕ್ಕೆ 1997ರಲ್ಲಿ ತಿದ್ದುಪಡಿ ಬಂದ ಮೇಲೆ, ನಿಗದಿತ ದಿನ ಮುಗಿದೊಡನೆ ಹಕ್ಕನ್ನೇ ಅಳಿಸಿಹಾಕುವ ಷರತ್ತು ಅಸಿಂಧು. ಕರಾರು ಮುರಿದದ್ದಕ್ಕೆ ದಾವೆ ಹೂಡಲು ಮೂರು ವರ್ಷ ಇದೆ. ಆ ಸಾಲನ್ನು ನಂಬಿ 91ನೇ ದಿನ ಈಮೇಲ್, ಲಾಗ್ ಫೈಲು ಅಳಿಸಬೇಡಿ.

ಸಹಿಯಾದ ಮೇಲೆ ಒಂದು ಕೆಲಸ

ಇಷ್ಟು ತಿದ್ದಿ ಸಹಿಯಾದ ಎರಡನೇ ವಾರ ಗಿರಾಕಿಯ ಖರೀದಿ ವಿಭಾಗದಿಂದ ಒಂದು ಪರ್ಚೇಸ್ ಆರ್ಡರ್ ಬಂತು. ಹಿಂಬದಿಯಲ್ಲಿ ಸಣ್ಣಕ್ಷರದ ಷರತ್ತುಗಳು. ಏಳನೆಯದ್ದು: "ಸರಬರಾಜುದಾರರು ಎಲ್ಲ ನಷ್ಟಕ್ಕೂ ಮಿತಿಯಿಲ್ಲದೆ ಹೊಣೆ." ಅದನ್ನು ಒಪ್ಪಿ ಸಹಿ ಮಾಡಿ ಕಳಿಸಿದ್ದರೆ, ಹೊಸ ಕಾಗದ ಹಳೆಯದನ್ನು ಬದಲಿಸಿತು ಅಂತ ವಾದಿಸಲು ದಾರಿಯಾಗುತ್ತಿತ್ತು. ಕರಾರಿನ ಕೊನೆಯಲ್ಲಿ, ಪರ್ಚೇಸ್ ಆರ್ಡರಿಗೂ ಈ ಕರಾರಿಗೂ ತಾಳೆಯಾಗದಿದ್ದರೆ ಈ ಕರಾರೇ ಮೇಲು ಅಂತ ನಾವು ಸೇರಿಸಿದ್ದೆವು. ಆದರೂ ಮಾಲೀಕರು ಆರ್ಡರಿನ ಆ ಸಾಲು ಹೊಡೆದು, ಪಕ್ಕದಲ್ಲಿ "ಮೂಲ ಕರಾರಿನ 14ನೇ ಷರತ್ತಿಗೆ ಒಳಪಟ್ಟು" ಅಂತ ಕೈಯಲ್ಲೇ ಬರೆದು ಸಹಿ ಹಾಕಿ, ಸ್ಕ್ಯಾನ್ ಮಾಡಿ ಕಳಿಸಿದರು. ಖರೀದಿ ವಿಭಾಗದವರು ಅದನ್ನು ಒಪ್ಪಿ ಮರು ಈಮೇಲ್ ಹಾಕಿದರು. ಆ ಈಮೇಲನ್ನೂ ಮುದ್ರಿಸಿ ಕರಾರಿನ ಜೊತೆಗೇ ಪಿನ್ ಮಾಡಿ ಇಡಲು ಹೇಳಿದ್ದೇನೆ.